ಮೊದಲ ವರ್ಷ ಸರಿ, ಎರಡನೇ ವರ್ಷದಿಂದ ತಪ್ಪು

ಲೆಕ್ಕಶಾಸ್ತ್ರದ ಉತ್ತರ ಪತ್ರಿಕೆ ತಿದ್ದುವವರಿಗೆ ಈ ದೃಶ್ಯ ಹೊಸದಲ್ಲ. ಯಂತ್ರದ ಖಾತೆಯನ್ನು ಮೂರು ವರ್ಷಕ್ಕೆ ಅಂದವಾಗಿ ಬರೆದಿರುತ್ತಾರೆ. ಗೆರೆ ನೇರ, ಅಕ್ಷರ ಮುತ್ತು, ಎರಡೂ ಬದಿಯ ಮೊತ್ತ ತಾಳೆ. ಮೊದಲ ವರ್ಷದ ಸವಕಳಿಗೆ ಸರಿ ಗುರುತು ಬೀಳುತ್ತದೆ. ಎರಡನೇ ವರ್ಷದಿಂದ ಕೆಂಪು ಶಾಯಿ ಶುರುವಾಗಿ ಕೊನೆಯವರೆಗೂ ನಿಲ್ಲುವುದಿಲ್ಲ. ಪ್ರಶ್ನೆಯಲ್ಲಿ ಕೇಳಿದ್ದು ಇಳಿಕೆ ಶಿಲ್ಕು ವಿಧಾನ, ವಿದ್ಯಾರ್ಥಿ ಮಾಡಿದ್ದು ಸ್ಥಿರ ಕಂತಿನ ಲೆಕ್ಕ.

ಎರಡರ ನಡುವಿನ ವ್ಯತ್ಯಾಸ ಒಂದೇ ಒಂದು ಜಾಗದಲ್ಲಿದೆ. ತರಗತಿಯಲ್ಲಿ ಸ್ಟ್ರೈಟ್ ಲೈನ್ ಎಂದೇ ಕರೆಯುವ ಸ್ಥಿರ ಕಂತು ವಿಧಾನದಲ್ಲಿ ಸವಕಳಿಯ ದರವನ್ನು ಪ್ರತಿ ವರ್ಷವೂ ಯಂತ್ರದ ಮೂಲ ಬೆಲೆಗೆ ಹಾಕುತ್ತಾರೆ. ಇಳಿಕೆ ಶಿಲ್ಕಿನಲ್ಲಿ ಅದೇ ದರವನ್ನು ಹಿಂದಿನ ವರ್ಷದ ಸವಕಳಿ ಕಳೆದು ಉಳಿದ ಮೊತ್ತಕ್ಕೆ ಹಾಕುತ್ತಾರೆ. ಹೀಗಾಗಿ ಮೊದಲನೆಯದರಲ್ಲಿ ಸವಕಳಿ ವರ್ಷ ವರ್ಷವೂ ಒಂದೇ, ಎರಡನೆಯದರಲ್ಲಿ ಇಳಿಯುತ್ತಾ ಹೋಗುತ್ತದೆ. ಇಷ್ಟನ್ನು ಪಿಯುಸಿ ಮೊದಲ ವರ್ಷದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾರೆ. ಹೇಳುವವರೇ ಲೆಕ್ಕದಲ್ಲಿ ಎಡವುವುದು ಏಕೆ ಎಂಬುದನ್ನು ನೋಡಲು ಒಂದು ಲೆಕ್ಕವನ್ನೇ ಬಿಡಿಸಬೇಕು.

ಒಂದು ಸಂಸ್ಥೆ 2021ರ ಏಪ್ರಿಲ್ 1ರಂದು 2,00,000 ರೂಪಾಯಿಗೆ ಯಂತ್ರ ಕೊಂಡಿತು ಎನ್ನೋಣ. 2022ರ ಅಕ್ಟೋಬರ್ 1ರಂದು 1,00,000 ರೂಪಾಯಿಗೆ ಇನ್ನೊಂದನ್ನು ಕೊಂಡಿತು. 2023ರ ಅಕ್ಟೋಬರ್ 1ರಂದು ಮೊದಲ ಯಂತ್ರವನ್ನು 1,52,000 ರೂಪಾಯಿಗೆ ಮಾರಿತು. ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಸವಕಳಿ ವಾರ್ಷಿಕ ಶೇ. 10, ಇಳಿಕೆ ಶಿಲ್ಕು ವಿಧಾನ. ಈ ಕೊನೆಯ ಮೂರು ಪದಗಳು ಸಾಮಾನ್ಯವಾಗಿ ಪ್ರಶ್ನೆಯ ಬಾಲದಲ್ಲಿರುತ್ತವೆ. ದಿನಾಂಕ, ಮೊತ್ತಗಳನ್ನು ಗುರುತು ಹಾಕಿಕೊಳ್ಳುವ ಅವಸರದಲ್ಲಿ ಕಣ್ಣು ಅಲ್ಲಿಗೆ ಹೋಗುವಷ್ಟರಲ್ಲಿ ಕೈ ಬರೆಯಲು ಶುರುಮಾಡಿರುತ್ತದೆ.

ಮೊದಲ ವರ್ಷ 2,00,000ದ ಶೇ. 10 ಅಂದರೆ 20,000. ಉಳಿದದ್ದು 1,80,000. ಸ್ಥಿರ ಕಂತಿನಲ್ಲಿ ಮಾಡಿದರೂ ಬರುವುದು ಇದೇ 20,000, ಇದೇ 1,80,000. ತಪ್ಪು ಅಡಗಿ ಕೂರುವುದು ಇಲ್ಲೇ. ವಿಧಾನ ಬೇರೆಯಾದರೂ ಮೊದಲ ವರ್ಷದ ಅಂಕಿ ಒಂದೇ ಆದ್ದರಿಂದ, ದಾರಿ ತಪ್ಪಿದ್ದೇನೆಂಬ ಸೂಚನೆ ವಿದ್ಯಾರ್ಥಿಗೆ ಸಿಗುವುದೇ ಇಲ್ಲ. ಎರಡನೇ ವರ್ಷ 1,80,000ದ ಮೇಲೆ 18,000 ಬರಬೇಕು. ಅಭ್ಯಾಸಬಲದಿಂದ ಮತ್ತೆ 20,000 ಎಂದೇ ಬರೆಯುತ್ತಾರೆ. ಸರಿಯಾದ ಶಿಲ್ಕು 1,62,000 ಇರಬೇಕಾದಲ್ಲಿ 1,60,000 ಆಗುತ್ತದೆ. ಎರಡು ಸಾವಿರದ ಅಂತರ ಸಣ್ಣದಾಗಿಯೇ ಕಾಣುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಎರಡನೇ ಯಂತ್ರಕ್ಕೆ ಆರು ತಿಂಗಳ ಸವಕಳಿ 5,000, ಶಿಲ್ಕು 95,000. ಇದೂ ಎರಡೂ ವಿಧಾನದಲ್ಲಿ ಒಂದೇ.

ಪೆಟ್ಟು ಬೀಳುವುದು ಮೂರನೇ ವರ್ಷ, ಮಾರಾಟದ ಹೊತ್ತಿಗೆ. ಇಳಿಕೆ ಶಿಲ್ಕಿನಲ್ಲಿ ಮೊದಲ ಯಂತ್ರದ 1,62,000ಕ್ಕೆ ಆರು ತಿಂಗಳ ಸವಕಳಿ 8,100. ಮಾರುವ ದಿನ ಪುಸ್ತಕದಲ್ಲಿ ಅದರ ಬೆಲೆ 1,53,900. ಸಿಕ್ಕಿದ್ದು 1,52,000. ಅಂದರೆ 1,900 ರೂಪಾಯಿ ನಷ್ಟ. ಸ್ಥಿರ ಕಂತು ಹಿಡಿದವರ ಲೆಕ್ಕದಲ್ಲಿ ಆರು ತಿಂಗಳಿಗೆ 10,000 ಕಳೆದು 1,50,000 ಉಳಿಯುತ್ತದೆ, ಮಾರಾಟದಿಂದ 2,000 ಲಾಭ! ನಷ್ಟ ಹೋಗಿ ಲಾಭ ಬಂತು. ಡೆಬಿಟ್ ಬದಿಗೆ ಬರಬಾರದ ನಮೂದೊಂದು ಬಂತು, ಕ್ರೆಡಿಟ್ ಬದಿಯಲ್ಲಿ ಇರಬೇಕಾದದ್ದು ಕಾಣೆಯಾಯಿತು. ಎರಡನೇ ಯಂತ್ರಕ್ಕೆ 95,000ದ ಮೇಲೆ 9,500 ಬರಬೇಕಾದಲ್ಲಿ 10,000 ಬಂದು, ಕೊನೆಯ ಶಿಲ್ಕು 85,500ರ ಬದಲು 85,000 ಆಯಿತು.

ಇದೆಲ್ಲ ತಾಳೆ ನೋಡುವಾಗ ಸಿಕ್ಕಿಬೀಳಬೇಕಲ್ಲವೇ ಎನ್ನಬಹುದು. ಸಿಕ್ಕಿಬೀಳುವುದಿಲ್ಲ. ಸರಿಯಾದ ಖಾತೆಯಲ್ಲಿ ಮೂರನೇ ವರ್ಷದ ಆರಂಭದ ಶಿಲ್ಕು 1,62,000 ಮತ್ತು 95,000 ಸೇರಿ 2,57,000. ಎರಡೂ ಬದಿಯ ಮೊತ್ತ ಅದೇ. ತಪ್ಪು ಖಾತೆಯಲ್ಲಿ ಆರಂಭದ ಶಿಲ್ಕು 2,55,000, ಅದಕ್ಕೆ ಬಾರದ ಲಾಭ 2,000 ಸೇರಿ ಮತ್ತೆ 2,57,000! ಪಕ್ಕದವನ ಉತ್ತರದ ಮೊತ್ತವನ್ನು ಕದ್ದು ನೋಡಿದ ವಿದ್ಯಾರ್ಥಿಗೂ ಇಲ್ಲಿ ಸಮಾಧಾನವೇ ಆದೀತು. ಮೊತ್ತ ಹೀಗೆ ಒಂದೇ ಬಂದದ್ದು ಈ ಲೆಕ್ಕದ ಆಕಸ್ಮಿಕ. ಆದರೆ ಒಂದು ಖಾತೆ ತನ್ನೊಳಗೆ ತಾಳೆಯಾಗುವುದು ಆಕಸ್ಮಿಕವಲ್ಲ. ಲಾಭ ಅಥವಾ ನಷ್ಟದ ನಮೂದು, ಕೊನೆಯ ಶಿಲ್ಕು ಎಲ್ಲವೂ ವಿದ್ಯಾರ್ಥಿಯ ಸವಕಳಿಯಿಂದಲೇ ಹುಟ್ಟಿದ ಅಂಕಿಗಳಾದ್ದರಿಂದ, ಕೂಡುವುದರಲ್ಲಿ ತಪ್ಪಿಲ್ಲದಿದ್ದರೆ ಯಾವ ವಿಧಾನ ಹಿಡಿದರೂ ಖಾತೆ ತಾಳೆಯಾಗಿಯೇ ತೀರುತ್ತದೆ.

ತಪ್ಪನ್ನು ಹಿಡಿಯಲು ಬೇರೆ ಪರೀಕ್ಷೆಯೇ ಬೇಕು. ಒಂದು ಯಂತ್ರದ ಎರಡು ಪೂರ್ಣ ವರ್ಷಗಳ ಸವಕಳಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಶೇ. 10ರ ಇಳಿಕೆ ಶಿಲ್ಕಿನಲ್ಲಿ ಎರಡನೆಯದು ಮೊದಲನೆಯದರ ಹತ್ತರಲ್ಲಿ ಒಂಬತ್ತು ಪಾಲಿರಬೇಕು: 20,000ಕ್ಕೆ 18,000. ಎರಡೂ ಒಂದೇ ಇದ್ದರೆ ಅದು ಸ್ಥಿರ ಕಂತು, ಅನುಮಾನವೇ ಇಲ್ಲ. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಕಾಲಂ ಹಾಕಿ ವರ್ಕಿಂಗ್ ನೋಟ್ ಬರೆದವರಿಗೆ ಈ ಹೋಲಿಕೆ ಕಣ್ಣಿಗೇ ಬೀಳುತ್ತದೆ. ನೇರವಾಗಿ ಖಾತೆಗೆ ಇಳಿದವರ ಸವಕಳಿಯ ಸಾಲಿನಲ್ಲಿ ಎರಡು ಯಂತ್ರಗಳ ಮೊತ್ತ ಬೆರೆತಿರುವುದರಿಂದ ಬೀಳುವುದಿಲ್ಲ.

ಯಾವುದೋ ಒಂದು ವಿಧಾನದಲ್ಲಿ ಮಾಡಿದ್ದಾರೆ, ದರವಂತೂ ಸರಿ ಇದೆ, ಅರ್ಧ ಅಂಕ ಕೊಡಬಾರದೇ ಎಂಬ ಅಳಲು ಪಾಲಕರಿಂದ ಕೇಳಿಬರುವುದುಂಟು. ಆದರೆ ವಿಧಾನ ಬದಲಾದರೆ ಅದೇ ದರ ಬೇರೆಯದೇ ಅರ್ಥ ಕೊಡುತ್ತದೆ. ಶೇ. 10ರ ಸ್ಥಿರ ಕಂತಿನಲ್ಲಿ ಯಂತ್ರದ ಬೆಲೆ ಹತ್ತು ವರ್ಷಕ್ಕೆ ಸೊನ್ನೆಯಾಗುತ್ತದೆ. ಇಳಿಕೆ ಶಿಲ್ಕಿನಲ್ಲಿ ಹತ್ತು ವರ್ಷ ಕಳೆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ, ಸೊನ್ನೆಯಂತೂ ಎಂದೂ ಆಗುವುದಿಲ್ಲ. 1956ರ ಕಂಪನಿ ಕಾಯ್ದೆಯ 14ನೇ ಅನುಸೂಚಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿತ್ತು. ಒಂದು ಪಾಳಿಯಲ್ಲಿ ನಡೆಯುವ ಸಾಮಾನ್ಯ ಯಂತ್ರೋಪಕರಣಕ್ಕೆ ಸ್ಥಿರ ಕಂತಿನಲ್ಲಿ ಶೇ. 4.75, ಇಳಿಕೆ ಶಿಲ್ಕಿನಲ್ಲಿ ಶೇ. 13.91 ಎಂದು ಎರಡು ದರ ಕೊಟ್ಟಿದ್ದರು. ಎರಡರಲ್ಲಿ ಯಾವುದನ್ನು ಹಾಕಿದರೂ ಸುಮಾರು ಇಪ್ಪತ್ತು ವರ್ಷದಲ್ಲಿ ಬೆಲೆಯ ಶೇ. 95 ಕರಗುತ್ತದೆ. ಇಳಿಕೆ ಶಿಲ್ಕಿನ ದರವನ್ನು ಮೂಲ ಬೆಲೆಗೆ ಹಾಕಿದರೆ ಅಷ್ಟೇ ಬೆಲೆ ಏಳು ವರ್ಷದೊಳಗೆ ಮುಗಿದುಹೋಗುತ್ತದೆ. ದರವೊಂದು ಸರಿಯಿದ್ದರೆ ಅಂಕ ಬರಲಿ ಎಂಬ ವಾದ ನಿಲ್ಲದಿರುವುದು ಇದಕ್ಕೇ. 1961ರ ಆದಾಯ ತೆರಿಗೆ ಕಾಯ್ದೆಯೂ ವ್ಯಾಪಾರಿಗಳ ಯಂತ್ರ, ಕಂಪ್ಯೂಟರ್, ಪೀಠೋಪಕರಣಗಳಿಗೆ ಸವಕಳಿಯನ್ನು ಕೊಟ್ಟದ್ದು ಇಳಿಕೆ ಶಿಲ್ಕಿನ ಮೇಲೆಯೇ.

ಪ್ರಶ್ನೆಯಲ್ಲಿ ವಿಧಾನ ಹೇಳುವ ಬಗೆ ಹಲವು. ಮೂಲ ಬೆಲೆಯ ಮೇಲೆ, ಸಮಾನ ಕಂತಿನಲ್ಲಿ ಎಂದಿದ್ದರೆ ಅದು ಸ್ಥಿರ ಕಂತು. ಪುಸ್ತಕ ಬೆಲೆಯ ಮೇಲೆ, ಕುಗ್ಗುವ ಶಿಲ್ಕಿನ ಮೇಲೆ, ಡಬ್ಲ್ಯುಡಿವಿ ಎಂದಿದ್ದರೆ ಇಳಿಕೆ ಶಿಲ್ಕು. ಕೆಲವೊಮ್ಮೆ ದರ ಮಾತ್ರ ಇದ್ದು ವಿಧಾನ ಇರುವುದೇ ಇಲ್ಲ. ಆಗ ಯಾವ ವಿಧಾನ ಎಂದುಕೊಂಡು ಲೆಕ್ಕ ಮಾಡಲಾಗಿದೆ ಎಂಬುದನ್ನು ಉತ್ತರದ ತಲೆಯಲ್ಲೇ ಒಂದು ಸಾಲಿನಲ್ಲಿ ಬರೆದು, ಆಮೇಲೆ ಖಾತೆಗೆ ಕೈ ಹಾಕಿ.