ಕನಿಷ್ಠ ವೇತನ ಹೆಚ್ಚಿದರೆ ಕೆಲಸ ಕಡಿಮೆಯಾಗುತ್ತದೆಯೇ?

ಕೂಲಿ ದುಬಾರಿಯಾದರೆ ಮಾಲೀಕರು ಆಳುಗಳನ್ನು ಕಡಿಮೆ ಮಾಡುತ್ತಾರೆ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಕನಿಷ್ಠ ವೇತನದ ಕಾನೂನು ಬಡವರ ಕೈಯಲ್ಲಿರುವ ಕೆಲಸವನ್ನೇ ಕಿತ್ತುಕೊಳ್ಳಬಹುದು ಎಂಬ ಆತಂಕ ಹುಟ್ಟಿದ್ದು ಈ ತರ್ಕದಿಂದಲೇ. 1990ರ ದಶಕದ ಆರಂಭದವರೆಗೆ ಬಹುಪಾಲು ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪಿದ್ದರು. ಆ ಒಮ್ಮತವನ್ನು ಅಲುಗಾಡಿಸಿದ್ದು ಅಮೆರಿಕದ ನ್ಯೂಜೆರ್ಸಿಯ ಬರ್ಗರ್ ಅಂಗಡಿಗಳು.

1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅದು 4.25ರಲ್ಲೇ ಉಳಿಯಿತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಏರಿಕೆಗೆ ಮೊದಲೊಮ್ಮೆ, ಏರಿಕೆಯಾಗಿ ಕೆಲವು ತಿಂಗಳ ಬಳಿಕ ಮತ್ತೊಮ್ಮೆ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಸಂಪರ್ಕಿಸಿ, ಎಷ್ಟು ಜನ ದುಡಿಯುತ್ತಿದ್ದಾರೆಂದು ಕೇಳಿದರು. ಅರ್ಧ ಹೊತ್ತು ದುಡಿಯುವ ಇಬ್ಬರನ್ನು ಪೂರ್ಣಾವಧಿಯ ಒಬ್ಬ ನೌಕರನೆಂದು ಲೆಕ್ಕ ಹಿಡಿದರು. ನ್ಯೂಜೆರ್ಸಿಯಲ್ಲಿ ಅಂಗಡಿಯೊಂದರ ಸರಾಸರಿ ನೌಕರರ ಸಂಖ್ಯೆ 20.44ರಿಂದ 21.03ಕ್ಕೆ ಏರಿತ್ತು. ಪೆನ್ಸಿಲ್ವೇನಿಯಾದಲ್ಲಿ 23.33ರಿಂದ 21.17ಕ್ಕೆ ಇಳಿದಿತ್ತು.

ಆ ವರ್ಷದ ವ್ಯಾಪಾರದ ಏರಿಳಿತ ಎರಡೂ ಕಡೆ ಒಂದೇ ರೀತಿ ತಟ್ಟಿತ್ತು ಎಂದುಕೊಂಡರೆ, ಕಾನೂನು ಬಾರದಿದ್ದರೆ ನ್ಯೂಜೆರ್ಸಿಯ ಅಂಗಡಿಗಳೂ ಎರಡರಷ್ಟು ನೌಕರರನ್ನು ಕಳೆದುಕೊಳ್ಳಬೇಕಿತ್ತು. ಕಳೆದುಕೊಳ್ಳುವುದಿರಲಿ, ತುಸು ಹೆಚ್ಚೇ ಇಟ್ಟುಕೊಂಡವು. 1994ರಲ್ಲಿ ಪ್ರಕಟವಾದ ಈ ಫಲಿತಾಂಶ ಹಳೆಯ ಪಾಠಕ್ಕೆ ತೀರಾ ವಿರುದ್ಧವಾಗಿತ್ತು.

ಆಕ್ಷೇಪಗಳು ಬೇಗನೆ ಬಂದವು. ಫೋನಿನಲ್ಲಿ ಮ್ಯಾನೇಜರ್ ಬಾಯಿಗೆ ಬಂದ ಅಂದಾಜು ಹೇಳಿರಬಹುದು ಎಂಬುದು ಮೊದಲನೆಯದು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಸಂಬಳದ ದಾಖಲೆಗಳನ್ನೇ ತೆಗೆದು ನೋಡಿದಾಗ, ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ನ್ಯೂಜೆರ್ಸಿಯಲ್ಲಿ ಉದ್ಯೋಗ ಇಳಿದಿತ್ತು. ಆದರೆ ಆ ದಾಖಲೆಗಳಲ್ಲಿ ಒಂದು ಪಾಲನ್ನು ಮೊದಲು ಕಲೆಹಾಕಿದ್ದು ವೇತನ ಏರಿಕೆಯನ್ನು ವಿರೋಧಿಸುತ್ತಿದ್ದ ಸಂಸ್ಥೆ. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆಗಳಿಂದ ಮತ್ತೆ ಲೆಕ್ಕ ಹಾಕಿದಾಗ ಉದ್ಯೋಗದಲ್ಲಿ ಗಣನೀಯ ನಷ್ಟ ಕಾಣಲಿಲ್ಲ. ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಪೆನ್ಸಿಲ್ವೇನಿಯಾದ ಇಳಿಕೆಗೆ ಬೇರೆಯೇ ಕಾರಣವಿದ್ದರೆ ಹೋಲಿಕೆಯ ಬುಡವೇ ಕುಸಿಯುತ್ತದೆ. ಯಾವ ಊರನ್ನು ಯಾವ ಊರಿನ ಜೊತೆ ತೂಗಬೇಕೆಂಬ ಈ ಜಗಳ ಇಂದಿಗೂ ಮುಗಿದಿಲ್ಲ.

ಕೂಲಿ ಏರಿದರೂ ಕೆಲಸ ಉಳಿಯಲು ಹೇಗೆ ಸಾಧ್ಯ? ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದ ‘ಮೊನಾಪ್ಸನಿ’, ಅಂದರೆ ಕೊಳ್ಳುವವನೊಬ್ಬನೇ ಇರುವ ಮಾರುಕಟ್ಟೆ, ಇದಕ್ಕೊಂದು ಉತ್ತರ. ಸುತ್ತಮುತ್ತ ಬೇರೆ ಕೆಲಸವಿಲ್ಲದ ಊರಿನ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ದಿನಕ್ಕೆ 400 ರೂಪಾಯಿಗೆ ಹತ್ತು ಜನ ದುಡಿಯುತ್ತಾರೆ. ಹನ್ನೊಂದನೆಯವನು ಬರಬೇಕಾದರೆ 420 ಕೊಡಬೇಕು. ಅವನಿಗೆ ಕೊಟ್ಟರೆ ಉಳಿದ ಹತ್ತು ಜನರಿಗೂ ತಲಾ 20 ಹೆಚ್ಚಿಸಬೇಕು. ಹೀಗೆ ಅವನೊಬ್ಬನಿಂದ ಬೀಳುವ ಖರ್ಚು 620. ಅವನ ದುಡಿಮೆಯಿಂದ ಬರುವುದು 550 ಮಾತ್ರವಾದರೆ ಮಾಲೀಕ ಅವನನ್ನು ಕರೆಯುವುದಿಲ್ಲ. ಕಾನೂನು ಎಲ್ಲರಿಗೂ 450 ಎಂದು ನಿಗದಿ ಮಾಡಿದರೆ ಹತ್ತು ಜನರಿಗೆ ಅಷ್ಟನ್ನು ಹೇಗೂ ಕೊಡಲೇಬೇಕು; ಹನ್ನೊಂದನೆಯವನಿಗೆ ತಗಲುವುದು 450 ಮಾತ್ರ. ಈಗ ಅವನನ್ನು ಸೇರಿಸಿಕೊಳ್ಳುವುದೇ ಲಾಭ. ಆದರೆ ಕನಿಷ್ಠ ವೇತನ 600ಕ್ಕೆ ಏರಿದರೆ ಅವನು ಮತ್ತೆ ಹೊರಗುಳಿಯುತ್ತಾನೆ. ಹಲವು ಮಾಲೀಕರು ಆಳಿಗಾಗಿ ಪೈಪೋಟಿ ನಡೆಸುವ ಊರಲ್ಲಿ ಹಳೆಯ ಪಾಠವೇ ನಿಜವಾಗುತ್ತದೆ.

ಏನನ್ನು ಎಣಿಸಬೇಕು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಸಿಯಾಟಲ್ ನಗರ 2016ರಲ್ಲಿ ದೊಡ್ಡ ಸಂಸ್ಥೆಗಳ ಕನಿಷ್ಠ ವೇತನವನ್ನು ಗಂಟೆಗೆ 13 ಡಾಲರ್‌ವರೆಗೆ ಏರಿಸಿತು. ಕಡಿಮೆ ಸಂಬಳದ ಕೆಲಸಗಳಲ್ಲಿ ದುಡಿಮೆಯ ಗಂಟೆಗಳು ಸುಮಾರು ಶೇ 9ರಷ್ಟು ಇಳಿದವು ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಹೇಳಿತು. ಅದೇ ವರ್ಷ ಬರ್ಕ್ಲಿಯ ತಂಡ ಹೋಟೆಲುಗಳನ್ನಷ್ಟೇ ನೋಡಿ, ಉದ್ಯೋಗ ನಷ್ಟವಾಗಿಲ್ಲ ಎಂದಿತು. ಮೊದಲ ತಂಡದ ಲೆಕ್ಕದಲ್ಲಿ ಹಲವು ಶಾಖೆಗಳ ದೊಡ್ಡ ಸಂಸ್ಥೆಗಳಿರಲಿಲ್ಲ. ಎರಡನೆಯದರಲ್ಲಿ ಗಂಟೆಗಳ ಮಾಹಿತಿ ಇರಲಿಲ್ಲ. ಯಾರನ್ನೂ ಮನೆಗೆ ಕಳಿಸದೆ ಪ್ರತಿಯೊಬ್ಬರ ಕೆಲಸದ ಹೊತ್ತನ್ನು ಕಡಿತಗೊಳಿಸಿದರೆ, ತಲೆ ಎಣಿಸುವವರಿಗೆ ಅದು ಕಾಣುವುದೇ ಇಲ್ಲ.

ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂದರೂ ವಾದ ನಿಂತಿಲ್ಲ, ಅದರ ರೂಪ ಬದಲಾಗಿದೆ. ಸ್ಥಳೀಯ ಸರಾಸರಿ ಕೂಲಿಗಿಂತ ಸಾಕಷ್ಟು ಕೆಳಗಿರುವ ಕನಿಷ್ಠ ವೇತನವನ್ನು ಹದವಾಗಿ ಏರಿಸಿದರೆ ದೊಡ್ಡ ನಷ್ಟ ಅಪರೂಪ ಎಂಬುದನ್ನು ಈಗ ಅನೇಕರು ಒಪ್ಪುತ್ತಾರೆ. ಎಷ್ಟು ಏರಿದರೆ ಪೆಟ್ಟು ಶುರುವಾಗುತ್ತದೆ ಎಂಬುದು ಒಂದೊಂದು ಊರಿಗೆ, ಒಂದೊಂದು ಕಸುಬಿಗೆ ಬೇರೆ. ಭಿನ್ನಮತ ಈಗ ಉಳಿದಿರುವುದು ಮುಖ್ಯವಾಗಿ ಆ ಗೆರೆಯ ಬಗ್ಗೆ.