ಟೊಮೆಟೊ ಬೆಲೆ ಯಾಕೆ ಹೀಗೆ ಕುಣಿಯುತ್ತೆ?

ಮೊಮ್ಮಗ: ಅಜ್ಜೀ, 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತಲ್ಲ, ಯಾಕೆ?

ಅಜ್ಜಿ: ಅದಕ್ಕೂ ಮುಂಚೆ ಬೆಲೆ ಬಿದ್ದಿತ್ತು ಕಣೋ. ಕೊಯ್ಲಿನ ಕೂಲಿಯೂ ಗಿಟ್ಟದೆ ಎಷ್ಟೋ ಜನ ನಾಟಿ ಕಡಿಮೆ ಮಾಡಿದ್ರು. ನಮ್ಮ ಕೋಲಾರದ ಕಡೆ ನೆಟ್ಟ ಗಿಡಕ್ಕೂ ಬಿಳಿನೊಣ ಹತ್ತಿ ಎಲೆ ಮುದುರು ರೋಗ ಬಂತು. ಮಂಡಿಗೆ ಬರೋ ಬಾಕ್ಸೇ ಕಮ್ಮಿಯಾಯ್ತು.

ಮೊಮ್ಮಗ: ಜನ ಕೊಳ್ಳೋದು ಬಿಡಬಹುದಿತ್ತಲ್ಲ?

ಅಜ್ಜಿ: ಟೊಮೆಟೊ ಇಲ್ಲದ ಸಾರಿಗೆ ನಿಮ್ಮಪ್ಪ ಮುಖ ಸಿಂಡರಿಸ್ತಾನೆ! ಕೊಳ್ಳೋರು ಅಷ್ಟೇ ಇದ್ದು ಸರಕು ಕಮ್ಮಿಯಾದ್ರೆ ಹರಾಜು ಏರುತ್ತೆ.

ಮೊಮ್ಮಗ: ಬೇಗ ಬೆಳೆದರಾಯ್ತು.

ಅಜ್ಜಿ: ಸಸಿ ನೆಟ್ಟ ಮೇಲೆ ಮೊದಲ ಕೊಯ್ಲಿಗೆ ಎರಡು ತಿಂಗಳಾದ್ರೂ ಬೇಕು. ಈರುಳ್ಳಿ ಥರ ಕೂಡಿಡೋಕೂ ಆಗಲ್ಲ. ಬೆಲೆ ನೋಡಿ ಎಲ್ಲರೂ ಒಟ್ಟಿಗೇ ನೆಟ್ರು. ಸೆಪ್ಟೆಂಬರ್ ಹೊತ್ತಿಗೆ ಮಂಡಿ ತುಂಬಿ ಬೆಲೆ ಮತ್ತೆ ನೆಲ ಕಚ್ಚಿತು.