ಕಂಪನಿ ಮುಚ್ಚಿದ ಮೇಲೂ ಕಡಿತವಾಗುವ ಕಂತು: ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದು ಮಾಡಿಸುವ ಬಗೆ

ನಾನು ಇವತ್ತು ಎತ್ತಿಕೊಂಡಿರೋ ಪ್ರಶ್ನೆ ಚಿಕ್ಕದು. ಒಂದು ಕಂಪನಿ ಬಾಗಿಲು ಹಾಕಿದೆ, ಫೋನ್ ಎತ್ತುವವರಿಲ್ಲ, ಈಮೇಲ್‌ಗೆ ಉತ್ತರವಿಲ್ಲ. ಆದರೂ ಪ್ರತಿ ತಿಂಗಳು 5ನೇ ತಾರೀಖಿಗೆ ಖಾತೆಯಿಂದ ಹಣ ಹೋಗ್ತಾ ಇದೆ. ಕಂಪನಿಯ ಒಪ್ಪಿಗೆಗೆ ಕಾಯದೆ ಬ್ಯಾಂಕಿನಿಂದಲೇ ಇದನ್ನು ನಿಲ್ಲಿಸಬಹುದೆ? ನಿಲ್ಲಿಸಬಹುದು. ಆದರೆ ಹಣ ಎಳೆಯುತ್ತಿರುವವರು ಯಾರು, ಯಾವ ದಾರಿಯಿಂದ ಎಳೆಯುತ್ತಿದ್ದಾರೆ ಅನ್ನೋದು ಮೊದಲು ಗೊತ್ತಾಗಬೇಕು.

ಇದನ್ನು ಜತ್ತ ತಾಲೂಕಿನ ಗುಡ್ಡಾಪುರದ ಒಂದು ಪ್ರಕರಣದ ಮೂಲಕ ಹೇಳ್ತೀನಿ. ದಾನಮ್ಮ ದೇವಿ ಗುಡಿಯ ಹತ್ತಿರ ಕಾಯಿ, ಕುಂಕುಮ, ಕರ್ಪೂರದ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಮಗಳಿಗಾಗಿ ಆನ್‌ಲೈನ್ ಪಾಠದ ಒಂದು ಕೋರ್ಸ್ ಹಿಡಿದಿದ್ದರು. ಅವರ ಹೆಸರು, ಬ್ಯಾಂಕಿನ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ. ತಿಂಗಳಿಗೆ ₹1,499ರಂತೆ 24 ಕಂತು. ಒಂಬತ್ತು ಕಂತು ಕಟ್ಟೋ ಹೊತ್ತಿಗೆ ಪಾಠ ನಿಂತವು. ಆಮೇಲೂ ಮೂರು ಕಂತು ಹೋಗಿದ್ದವು. ಅವರು ನನಗೆ ಹೇಳಿದ್ದು ಇಷ್ಟು: “ಸರ, ಕಂಪನಿ ಮುಚ್ಚೇತಿ ಅಂತ ಎಲ್ಲಾರೂ ಅಂತಾರ. ಮುಚ್ಚಿದ ಕಂಪನಿ ನನ್ನ ರೊಕ್ಕ ಹೆಂಗ ತಗೋತೇತಿ?”

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಏನಂದ್ರೆ, ಹಣ ಎಳೆಯೋದಕ್ಕೆ ಕಂಪನಿಯಲ್ಲಿ ಮನುಷ್ಯರು ಇರಲೇಬೇಕು ಅಂತಿಲ್ಲ. ನಾವು ಮೊದಲ ದಿನ ಕೊಟ್ಟ ಒಪ್ಪಿಗೆಗೆ ಮ್ಯಾಂಡೇಟ್ ಅಂತಾರೆ. ಅದು ರಾಷ್ಟ್ರೀಯ ಪಾವತಿ ನಿಗಮದ ನ್ಯಾಚ್ ವ್ಯವಸ್ಥೆಯಲ್ಲಿ ನಮ್ಮ ಬ್ಯಾಂಕಿನಲ್ಲಿ ದಾಖಲಾಗಿರುತ್ತದೆ. ಆ ಕಡೆ ಕಂಪನಿಯ ಪರವಾಗಿ ಹಣ ವಸೂಲಿ ಮಾಡುವ ಪಾವತಿ ಸಂಸ್ಥೆಯೊಂದು ಇರುತ್ತೆ, ಅದರ ತಂತ್ರಾಂಶ ತಾರೀಖು ಬಂದ ಕೂಡಲೇ ಕಡಿತದ ಕಡತ ಕಳಿಸುತ್ತೆ. ಯಾರಾದರೂ ‘ಸಾಕು’ ಅನ್ನೋತನಕ ಅದು ನಡೀತಾನೇ ಇರುತ್ತೆ. ಇನ್ನೊಂದು ಕಾರಣವೂ ಇದೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಅದು ಕಾನೂನಿನ ದೃಷ್ಟಿಯಲ್ಲಿ ಸತ್ತಂತಲ್ಲ. ಆಡಳಿತ ಮಂಡಳಿಯ ಅಧಿಕಾರ ನ್ಯಾಯಮಂಡಳಿ ನೇಮಿಸಿದ ವೃತ್ತಿಪರರ ಕೈಗೆ ಹೋಗುತ್ತದೆ, ಬ್ಯಾಂಕ್ ಖಾತೆಗಳು ಚಾಲ್ತಿಯಲ್ಲಿರುತ್ತವೆ. ಬೈಜೂಸ್‌ನ ಮಾತೃಸಂಸ್ಥೆ ಥಿಂಕ್ ಅಂಡ್ ಲರ್ನ್ ಮೇಲಿನ ಅರ್ಜಿಯನ್ನು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2024ರ ಜುಲೈ 16ರಂದು ದಾಖಲಿಸಿಕೊಂಡಾಗ ಆದದ್ದೂ ಇದೇ: ಕಂಪನಿ ಇಲ್ಲವಾಗಲಿಲ್ಲ, ಅದನ್ನು ನಡೆಸುವ ಕೈ ಬದಲಾಯಿತು.

ಈಗ ಪಾಸ್‌ಬುಕ್ಕಿಗೆ ಬರೋಣ. ಅಂಗಡಿಯವರ ಪಾಸ್‌ಬುಕ್ಕಿನಲ್ಲಿ ಕೋರ್ಸಿನ ಹೆಸರೇ ಇರಲಿಲ್ಲ. `ACH D-` ಅಂತ ಶುರುವಾಗಿ ಮುಂದೆ ಅವರು ಎಂದೂ ಕೇಳಿರದ ಒಂದು ಹೆಸರಿತ್ತು. ಅದು ಆ ಪಾವತಿ ಸಂಸ್ಥೆಯದು. `ACH` ಅಂತ ಕಂಡರೆ ಅದು ನ್ಯಾಚ್ ದಾರಿ. ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ದಾರಿಯಾಗಿದ್ದರೆ, ಯುಪಿಐ ಆಟೋಪೇ ಆಗಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರಬೇಕು. ಯುಪಿಐನಲ್ಲಿ ಅದೇ ಆ್ಯಪಿನ ಆಟೋಪೇ ಪುಟಕ್ಕೆ ಹೋಗಿ ಪಿನ್ ಒತ್ತಿ ರದ್ದು ಮಾಡಬಹುದು, ಕಾರ್ಡಿಗೆ ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲಿ ರದ್ದು ಮಾಡುವ ಸೌಲಭ್ಯ ಕೊಡಲೇಬೇಕು. ಅವೆರಡೂ ಸುಲಭ. ಕಷ್ಟ ಇರೋದು ನ್ಯಾಚ್‌ನಲ್ಲಿ, ಹಳ್ಳಿ ಕಡೆ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳೋದೂ ಅಲ್ಲೇ.

ನ್ಯಾಚ್ ಮ್ಯಾಂಡೇಟಿಗೆ ಯುಎಂಆರ್‌ಎನ್ ಅನ್ನೋ 20 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಬ್ಯಾಂಕಿನವರು ಖಾತೆಯ ಮ್ಯಾಂಡೇಟ್ ಪಟ್ಟಿ ತೆಗೆದರೆ ಅದು ಸಿಗುತ್ತೆ, ಕೆಲವು ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್‌ನಲ್ಲೂ ಕಾಣುತ್ತೆ. ಅರ್ಜಿಯ ಜೀವ ಇರೋದು ಈ ಸಂಖ್ಯೆಯಲ್ಲಿ. ನಮ್ಮ ಅಂಗಡಿಯವರು ಮೊದಲ ಸಲ ಹೋದಾಗ ಇದು ಅವರಿಗೆ ಗೊತ್ತಿರಲಿಲ್ಲ. ಕೌಂಟರಿನವರು “ಕಂಪನಿಯಿಂದ ಎನ್‌ಒಸಿ ತರ್ರಿ” ಅಂದರು. ಇಲ್ಲದ ಕಂಪನಿಯಿಂದ ನಿರಾಕ್ಷೇಪಣಾ ಪತ್ರ ತರೋದು ಎಲ್ಲಿಂದ? ಖಾತೆದಾರ ಬ್ಯಾಂಕಿಗೆ ಕೊಡುವ ಆದೇಶ ಚೆಕ್ಕಿಗೆ ‘ಹಣ ಕೊಡಬೇಡಿ’ ಅಂತ ಕೊಡುವ ಆದೇಶದ ಹಾಗೆಯೇ. ಮ್ಯಾಂಡೇಟ್ ಕೊಟ್ಟವರು ನಾವು, ವಾಪಸ್ ತಗೊಳ್ಳೋರೂ ನಾವೇ. ಇದನ್ನು ವಾದ ಮಾಡಿ ಗೆಲ್ಲೋ ಅಗತ್ಯ ಇಲ್ಲ. ಲಿಖಿತ ಅರ್ಜಿ ಕೊಟ್ಟು, ‘ತಿರಸ್ಕರಿಸೋದಾದರೆ ಕಾರಣ ಬರೆದು ಕೊಡಿ’ ಅಂದ್ರೆ ಸಾಮಾನ್ಯವಾಗಿ ಅರ್ಜಿ ತಗೋತಾರೆ.

ತಗೊಂಡರು ಕೂಡ. ಆದರೆ ಅರ್ಜಿಯಲ್ಲಿ ಬರೆದದ್ದು ‘ಈ ತಿಂಗಳ ₹1,499 ಕಡಿತ ನಿಲ್ಲಿಸಬೇಕು’ ಅಂತ. ಬ್ಯಾಂಕು ಅಷ್ಟನ್ನೇ ಮಾಡಿತು. 13ನೇ ಕಂತು ವಾಪಸ್ ಹೋಯಿತು, 14ನೆಯದು ಮತ್ತೆ ಕಡಿತವಾಯಿತು. ಒಂದು ಕಡಿತವನ್ನು ತಡೆಯೋದು ಬೇರೆ, ಮ್ಯಾಂಡೇಟನ್ನೇ ರದ್ದು ಮಾಡೋದು ಬೇರೆ. ಮೊದಲನೆಯದರಲ್ಲಿ ತಾರೀಖು ಅಥವಾ ಮೊತ್ತ ಬದಲಾದರೂ ಹಣ ನುಸುಳಿ ಹೋಗಬಹುದು. ಎರಡನೇ ಅರ್ಜಿಯನ್ನು ಅವರು ನನ್ನ ಮುಂದೆ ಕೂತು ಬರೆದರು. ಅದರ ಸಾರ ಹೀಗಿತ್ತು: ‘ಈ ಯುಎಂಆರ್‌ಎನ್ ಇರುವ ಮ್ಯಾಂಡೇಟನ್ನು ಇಂದಿನಿಂದ ಪೂರ್ತಿಯಾಗಿ ರದ್ದು ಮಾಡಬೇಕು. ಈ ಅರ್ಜಿ ಮುಟ್ಟಿದ ದಿನದ ನಂತರದ ಯಾವ ಕಡಿತಕ್ಕೂ ನನ್ನ ಒಪ್ಪಿಗೆ ಇಲ್ಲ.’ ಎರಡು ಪ್ರತಿ, ಒಂದರ ಮೇಲೆ ಶಾಖೆಯ ಮುದ್ರೆ, ಸಹಿ, ತಾರೀಖು. ಕಡಿತದ ದಿನಕ್ಕೆ ಒಂದು ವಾರ ಮುಂಚೆ ಕೊಟ್ಟರು. ಮುಂದಿನ 5ನೇ ತಾರೀಖಿಗೆ ಹಣ ಹೋಗಲಿಲ್ಲ.

ಆ ಮುದ್ರೆಯ ತಾರೀಖು ಯಾಕೆ ಮುಖ್ಯ? ಅದರ ಹಿಂದಿನ ಕಡಿತ ನಾವೇ ಒಪ್ಪಿದ್ದು, ಅದನ್ನು ಬ್ಯಾಂಕು ತುಂಬಿಕೊಡಬೇಕಾಗಿಲ್ಲ. ಅದರ ನಂತರದ್ದು ಬ್ಯಾಂಕಿನ ಹೊಣೆ. ಹಾಗಾಗಿ ಮುದ್ರೆ ಇಲ್ಲದ ಬಾಯಿಮಾತಿಗೆ ಬೆಲೆ ಇಲ್ಲ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಗಡಿಭಾಗದವರಿಗೆ ಇಲ್ಲೊಂದು ಅನುಕೂಲ ಇದೆ. 2021ರಿಂದ ಈ ದೂರಿಗೆ ಪ್ರಾಂತ್ಯದ ಗಡಿ ಇಲ್ಲ, ಖಾತೆ ವಿಜಯಪುರದಲ್ಲಿರಲಿ ಸಾಂಗಲಿಯಲ್ಲಿರಲಿ ಒಂದೇ. ಅಂಚೆಯಲ್ಲಿ ಕಳಿಸುವ ದೂರನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಕನ್ನಡದಲ್ಲೂ. ಶಾಖೆಯಲ್ಲಿ ಮರಾಠಿ ಫಾರಂ ತುಂಬಿಸಲು ಯಾರನ್ನೋ ಹುಡುಕಬೇಕಾದ ಜತ್ತದ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ.

ಇನ್ನು ಬಹಳ ಜನ ಮಾಡುವ ಉಪಾಯದ ಬಗ್ಗೆ. ಖಾತೆಯಲ್ಲಿ ರೊಕ್ಕನೇ ಇಡದಿದ್ದರೆ ಆಯ್ತಲ್ಲ ಅಂತಾರೆ. ನನ್ನ ಅಭಿಪ್ರಾಯದಲ್ಲಿ ಇದ್ದ ದಾರಿಗಳಲ್ಲೆಲ್ಲ ಕೆಟ್ಟದ್ದು ಇದೇ. ಹಣ ಸಾಲದೆ ಕಡಿತ ವಾಪಸಾದರೆ ಹಲವು ಬ್ಯಾಂಕುಗಳು ಪ್ರತಿ ಸಲ ₹250ರಿಂದ ₹500ರವರೆಗೆ ದಂಡ, ಅದರ ಮೇಲೆ 18% ಜಿಎಸ್‌ಟಿ ಹಾಕುತ್ತವೆ. ಅದಕ್ಕಿಂತ ಮುಖ್ಯವಾಗಿ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನ ಪ್ರಕಾರ, ಬಾಕಿ ತೀರಿಸಲು ಕೊಟ್ಟ ಮ್ಯಾಂಡೇಟ್ ಹಣವಿಲ್ಲದೆ ವಾಪಸಾದರೆ ಅದು ಚೆಕ್ ಬೌನ್ಸಿನಂತೆಯೇ ಅಪರಾಧ. ಎರಡು ವರ್ಷದವರೆಗೆ ಸಜೆ ಅಥವಾ ಮೊತ್ತದ ಎರಡು ಪಟ್ಟು ದಂಡ ಅಥವಾ ಎರಡೂ. ನೋಟಿಸು ಕೊಟ್ಟು 15 ದಿನ ಕಾಯಬೇಕು ಅನ್ನೋ ರಕ್ಷಣೆ ಇದೆ ನಿಜ. ಆದರೆ ಮುಚ್ಚಿದ ಕಂಪನಿಗಾಗಿ ಇಂಥಾ ಅಪಾಯ ಮೈಮೇಲೆ ಎಳೆದುಕೊಳ್ಳೋದು ಯಾಕೆ?

‘ಬಾಕಿ’ ಅನ್ನೋ ಪದ ಬಂತು. ಇಲ್ಲೇ ನಿಜವಾದ ಕಗ್ಗಂಟು ಇರೋದು. ಕೆಲವು ಕೋರ್ಸುಗಳಲ್ಲಿ ಕಂತು ಹೋಗೋದು ಕಂಪನಿಗಲ್ಲ. ಮೊದಲ ದಿನವೇ ಹಣಕಾಸು ಸಂಸ್ಥೆಯೊಂದು ನಮ್ಮ ಹೆಸರಿಗೆ ಸಾಲ ಮಾಡಿ ಪೂರ್ತಿ ಹಣ ಕಂಪನಿಗೆ ಕೊಟ್ಟಿರುತ್ತೆ, ನಾವು ತೀರಿಸ್ತಾ ಇರೋದು ಆ ಸಾಲವನ್ನು. ಕಂಪನಿ ಮುಚ್ಚಿದರೂ ಸಾಲ ಕೊಟ್ಟವರು ಇದ್ದಾರೆ. ಮ್ಯಾಂಡೇಟ್ ರದ್ದು ಮಾಡಿದರೆ ಕಡಿತ ನಿಲ್ಲುತ್ತೆ, ಸಾಲ ನಿಲ್ಲಲ್ಲ. ಬಡ್ಡಿ ಏರುತ್ತೆ, ಸಾಲದ ದಾಖಲೆ ಕೆಡುತ್ತೆ. ಚೆಕ್ ಪ್ರಕರಣಗಳಲ್ಲಿ, ನಿಜವಾದ ಬಾಕಿ ಇದ್ದರೆ ‘ಹಣ ಕೊಡಬೇಡಿ’ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು ಅಂತ ಸುಪ್ರೀಂ ಕೋರ್ಟ್ ಹೇಳಿಯೂ ಇದೆ.

ಸಾಲವೋ ಅಲ್ಲವೋ ತಿಳಿಯೋದು ಹೇಗೆ? ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅಂಗಡಿಯವರದನ್ನು ತೆಗೆದು ನೋಡಿದೆವು. ಊರಿನ ಸೊಸೈಟಿ ಸಾಲ ಬಿಟ್ಟರೆ ಬೇರೇನೂ ಇರಲಿಲ್ಲ, ಮೊದಲ ತಿಂಗಳ ಸಂದೇಶಗಳಲ್ಲೂ ಸಾಲದ ಖಾತೆ ಸಂಖ್ಯೆ ಬಂದಿರಲಿಲ್ಲ. ಅಂದ್ರೆ ಕಂತು ಕಂಪನಿಗೇ ಹೋಗ್ತಿತ್ತು, ಪಾಠ ನಿಂತ ಮೇಲೆ ಕೊಡಬೇಕಾದ್ದು ಏನೂ ಉಳಿದಿರಲಿಲ್ಲ. ಧೈರ್ಯವಾಗಿ ರದ್ದು ಮಾಡಿದ್ದು ಇದನ್ನು ನೋಡಿದ ಮೇಲೆ. ಜೊತೆಗೆ ಕಂಪನಿಯ ನೋಂದಾಯಿತ ವಿಳಾಸಕ್ಕೆ, ‘ಪಾಠ ನಿಂತಿವೆ, ಮ್ಯಾಂಡೇಟ್ ಹಿಂಪಡೆದಿದ್ದೇನೆ’ ಅಂತ ರಿಜಿಸ್ಟರ್ಡ್ ಅಂಚೆ ಕಳಿಸಿದರು. ಅದು ತೆಗೆದುಕೊಳ್ಳುವವರಿಲ್ಲದೆ ವಾಪಸ್ ಬಂತು. ಒಡೆಯದ ಆ ಲಕೋಟೆಯೇ ಒಳ್ಳೇ ಸಾಕ್ಷಿ. ಸಾಲ ಇದ್ದಿದ್ದರೆ ಕ್ರಮ ತಿರುಗಬೇಕಿತ್ತು: ಮೊದಲು ಸಾಲ ಕೊಟ್ಟವರಿಗೆ ಪಾಠ ನಿಂತ ದಾಖಲೆಯ ಜೊತೆ ಬರೆದು, ಅವರ ಉತ್ತರ ನೋಡಿ, ಆಮೇಲೆ ಮ್ಯಾಂಡೇಟಿನ ಮಾತು.

ಹೋದ ನಾಲ್ಕು ಕಂತು, ಅಂದರೆ ₹5,996, ನ್ಯಾಚ್ ದಾರಿಯಲ್ಲಿ ಬ್ಯಾಂಕಿನಿಂದ ವಾಪಸ್ ಬರೋದಿಲ್ಲ. ಕಾರ್ಡಿನಲ್ಲಿ ಕಟ್ಟಿದ್ದರೆ ‘ಸೇವೆ ಸಿಕ್ಕಿಲ್ಲ’ ಅಂತ ಚಾರ್ಜ್‌ಬ್ಯಾಕ್ ಕೇಳಬಹುದಿತ್ತು, ಅದಕ್ಕೆ ಸಾಮಾನ್ಯವಾಗಿ 120 ದಿನದ ಗಡುವು. ಇವರಿಗೆ ಉಳಿದದ್ದು ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ಸಾಂಗಲಿಗೆ ಹೋಗಿ ಬರೋ ಖರ್ಚು, ಎರಡು ದಿನ ಅಂಗಡಿ ಮುಚ್ಚೋದು ಇವನ್ನೆಲ್ಲ ಲೆಕ್ಕ ಹಾಕಿ ಅವರು ಬಿಟ್ಟುಬಿಟ್ಟರು.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: “ಸರ್, ಖಾತೆನೇ ಮುಚ್ಚಿಬಿಟ್ರೆ?” ಮುಚ್ಚಬಹುದಮ್ಮ. ಆದರೆ ಸಾಲ ಇದ್ದರೆ ಅದು ಹಾಗೇ ಉಳಿಯುತ್ತೆ. ಅದೇ ಖಾತೆಗೆ ಗ್ಯಾಸ್ ಸಬ್ಸಿಡಿ, ಪಿಎಂ ಕಿಸಾನ್ ಹಣ ಜೋಡಿಸಿದ್ದರೆ ಅವನ್ನೆಲ್ಲ ಹೊಸ ಖಾತೆಗೆ ಬದಲಾಯಿಸೋದಕ್ಕೆ ಓಡಾಡಬೇಕು. ಒಂದು ಪುಟದ ಅರ್ಜಿಯಲ್ಲಿ ಆಗೋ ಕೆಲಸಕ್ಕೆ ಅಷ್ಟು ದೂರ ಹೋಗೋದು ಬೇಡ.